ಸ್ವೈಪ್, ಸ್ಕ್ರೋಲ್, ಒತ್ತಿ ಹಿಡಿ, ರಿಮೋಟ್: ಕೈಯಲ್ಲಿ ಏನಿದೆ ಅಂತ ಯಾವ ಮಾತು ಸರಿಯಾಗಿ ಹೇಳುತ್ತದೆ?

ನಾನಿರುವುದು ಕಾರವಾರದಲ್ಲಿ. ನಮ್ಮವರ ಮನೆಗಳು ಶಿರಸಿ, ಸಿದ್ದಾಪುರ, ಕುಮಟಾ ಕಡೆ ಹರಡಿಕೊಂಡಿವೆ. ಯಾರಿಗೆ ಯಾವ ಪರದೆ ಕೈಕೊಟ್ಟರೂ ಫೋನ್ ನನಗೇ ಬರುತ್ತದೆ. ತೋಟದ ನಡುವಿನ ಮನೆಗಳಲ್ಲಿ ಸಿಗ್ನಲ್ ಅಷ್ಟಕ್ಕಷ್ಟೆ, ವಿಡಿಯೋ ಕಾಲ್ ನಿಲ್ಲುವುದೇ ಇಲ್ಲ. ಹಾಗಾಗಿ ಅವರು ಆಡುವ ಮಾತು ಕೇಳಿಯೇ ಅವರ ಕೈಯಲ್ಲಿ ಏನಿದೆ ಅಂತ ತಿಳಿದುಕೊಳ್ಳಬೇಕು. ಟಚ್ ಫೋನಾ, ಕೀಪ್ಯಾಡ್ ಫೋನಾ, ಲ್ಯಾಪ್‌ಟಾಪಾ, ಟಿವಿನಾ? ಅದು ಗೊತ್ತಾಗದೆ ದಾರಿ ಹೇಳಿದರೆ ಇಬ್ಬರ ಹೊತ್ತೂ ಹಾಳು.

ನೇರವಾಗಿ ಕೇಳಿಬಿಡಬಹುದಲ್ವಾ ಅಂತ ನಿಮಗೆ ಅನಿಸಬಹುದು. ಕೇಳಿ ನೋಡಿ. "ಯಾವುದರಲ್ಲಿ ನೋಡ್ತಾ ಇದ್ದೀರಿ?" ಅಂದರೆ "ಯೂಟ್ಯೂಬಲ್ಲಿ" ಅನ್ನುವ ಉತ್ತರ ಬರುತ್ತದೆ. ಇಲ್ಲಾಂದ್ರೆ "ವಾಟ್ಸಾಪಲ್ಲಿ". ಎರಡೂ ಫೋನಿನಲ್ಲೂ ಇವೆ, ಲ್ಯಾಪ್‌ಟಾಪಿನಲ್ಲೂ ತೆರೆಯುತ್ತವೆ, ಯೂಟ್ಯೂಬಂತೂ ಟಿವಿಯಲ್ಲೂ ಇದೆ. ಜನ ಆ್ಯಪಿನ ಹೆಸರು ಹೇಳುತ್ತಾರೆ, ಸಾಧನದ ಹೆಸರು ಹೇಳುವುದಿಲ್ಲ. ಆದರೆ ಕೈಯಿಂದ ಏನು ಮಾಡಿದರು ಅನ್ನುವುದನ್ನು ಮಾತ್ರ ಕೇಳದೆಯೇ ಹೇಳುತ್ತಾರೆ. ಆ ಮಾತುಗಳಲ್ಲಿ ನಾಲ್ಕನ್ನು ನಾನು ಒಂದರ ಪಕ್ಕ ಒಂದು ಇಟ್ಟು ತೂಗಿ ನೋಡಿದ್ದೇನೆ. ಯಾವುದನ್ನು ಎಷ್ಟು ನಂಬಬಹುದು ಅಂತ ಬರೆಯುತ್ತೇನೆ.

ಸ್ವೈಪ್ ಇವುಗಳಲ್ಲಿ ಹೆಚ್ಚು ಗಟ್ಟಿ ಸುಳಿವು. ನಮ್ಮ ಹಿರಿಯರ ಬಾಯಲ್ಲಿ ಅದು "ಸರಿಸಿದೆ", "ತಳ್ಳಿದೆ", "ಉಜ್ಜಿದೆ" ಅಂತ ಬರುತ್ತದೆ. ಯಾವ ರೂಪದಲ್ಲಿ ಬಂದರೂ ಬೆರಳು ಗಾಜಿನ ಮೇಲೆ ಓಡಿದೆ ಅಂತಲೇ ಅರ್ಥ. ಮೌಸ್ ಹಿಡಿದವರು ಉಜ್ಜಿದೆ ಅನ್ನುವುದಿಲ್ಲ. ಎರಡು ಕಡೆ ಮಾತ್ರ ಎಚ್ಚರ ಬೇಕು. ಅಂಗಡಿಯಲ್ಲಿ "ಸ್ವೈಪ್ ಮಾಡಿದೆ, ಆಗಲಿಲ್ಲ" ಅಂದರೆ ಅದು ಕಾರ್ಡ್ ಮಷೀನಿನ ಮಾತು. ಈಗ ಕಾರ್ಡನ್ನು ಒಳಗೆ ತೂರಿಸುತ್ತೇವೆ ಅಥವಾ ಮೇಲೆ ಮುಟ್ಟಿಸುತ್ತೇವೆ, ಆದರೂ ಹಳೇ ಮಾತು ಹಾಗೇ ಉಳಿದಿದೆ. ಇನ್ನೊಂದು, ಕಾಲೇಜಿಗೆ ಹೋಗುವ ಹುಡುಗರು ಲ್ಯಾಪ್‌ಟಾಪಿನ ಟಚ್‌ಪ್ಯಾಡ್ ಮೇಲೆ ಮೂರು ಬೆರಳಿಟ್ಟು ಕಿಟಕಿ ಬದಲಿಸುವುದಕ್ಕೂ ಸ್ವೈಪ್ ಅನ್ನುತ್ತಾರೆ.

ತೊಂದರೆ ಏನೆಂದರೆ ಈ ಮಾತು ತಾನಾಗಿ ಬರುವುದು ಕಡಿಮೆ. ಅದನ್ನು ಹೊರಡಿಸಲು ನಾನು ಕೇಳುವ ಪ್ರಶ್ನೆ ಇದು: "ಸ್ಕ್ರೀನ್ ಆರಿರುವಾಗ ಯಾರಾದರೂ ಫೋನ್ ಮಾಡಿದರೆ ಹೇಗೆ ಎತ್ತುತ್ತೀರಿ?" ಇದಕ್ಕೆ ಎಲ್ಲರಿಗೂ ಉತ್ತರ ಗೊತ್ತು, ಯೋಚಿಸಬೇಕಾಗಿಲ್ಲ. "ಹಸಿರು ಬಟನ್ ಒತ್ತುತ್ತೇನೆ" ಅಂದರೆ ಕೀಪ್ಯಾಡ್ ಫೋನ್ ಇರುವ ಸಾಧ್ಯತೆ ಜಾಸ್ತಿ. "ಮೇಲೆ ತಳ್ಳುತ್ತೇನೆ", "ಬದಿಗೆ ಸರಿಸುತ್ತೇನೆ" ಅಂದರೆ ಟಚ್. ಸ್ಕ್ರೀನ್ ಆರಿರುವಾಗ ಅನ್ನುವುದನ್ನು ಬಿಡಬೇಡಿ. ಫೋನ್ ಬಳಸುತ್ತಿರುವಾಗ ಕರೆ ಬಂದರೆ ಟಚ್ ಫೋನಿನಲ್ಲೂ ಮೇಲ್ಗಡೆ ಒಂದು ಸಣ್ಣ ಪಟ್ಟಿ ಬರುತ್ತದೆ, ಅದರಲ್ಲಿ ಬಟನ್ ಮುಟ್ಟಿದರೆ ಸಾಕು. ಆಗ ಎರಡಕ್ಕೂ ಒಂದೇ ಉತ್ತರ ಬಂದುಬಿಡುತ್ತದೆ.

ಸ್ಕ್ರೋಲ್ ಅನ್ನುವುದು ಅಷ್ಟು ನಂಬಿಕೆಯ ಮಾತಲ್ಲ. ಮೌಸಿನ ಗಾಲಿ ತಿರುಗಿಸಿದರೂ ಸ್ಕ್ರೋಲ್, ಬೆರಳಲ್ಲಿ ಎಳೆದರೂ ಸ್ಕ್ರೋಲ್, ಪುಟದ ಬಲಗಡೆಯ ಉದ್ದ ಪಟ್ಟಿ ಹಿಡಿದು ಇಳಿಸಿದರೂ ಸ್ಕ್ರೋಲೇ. ಆದರೆ ಇದರ ಜೊತೆ ದಿಕ್ಕು ಕೇಳಿದರೆ ಇದರಷ್ಟು ಚೆನ್ನಾಗಿ ಬಾಯಿಬಿಡುವ ಮಾತು ಇನ್ನೊಂದಿಲ್ಲ. "ಪುಟದ ಕೆಳಗಿನ ಭಾಗ ನೋಡಬೇಕು ಅಂದರೆ ನಿಮ್ಮ ಬೆರಳು ಯಾವ ಕಡೆ ಹೋಗುತ್ತದೆ?" ಟಚ್ ಪರದೆಯಲ್ಲಿ ಕೆಳಗಿನದು ಕಾಣಬೇಕಾದರೆ ಬೆರಳನ್ನು ಮೇಲಕ್ಕೆ ತಳ್ಳಬೇಕು, ಪುಟ ಬೆರಳಿನ ಜೊತೆಗೇ ಮೇಲೆ ಹೋಗುತ್ತದೆ. ಮೌಸಿನಲ್ಲಿ ಸಾಮಾನ್ಯವಾಗಿ ಉಲ್ಟಾ, ಗಾಲಿಯನ್ನು ನಮ್ಮ ಕಡೆಗೆ ಎಳೆದುಕೊಂಡರೆ ಕೆಳಗಿನದು ಬರುತ್ತದೆ. "ನನ್ನ ಕಡೆಗೆ" ಅಂದರೆ ಮೌಸ್, "ಮೇಲಕ್ಕೆ" ಅಂದರೆ ಬೆರಳು.

ಇದರ ನಡುವೆ ಗೊಂದಲ ಹುಟ್ಟಿಸುವುದು ಟಚ್‌ಪ್ಯಾಡ್. ಹೊಸ ಲ್ಯಾಪ್‌ಟಾಪುಗಳಲ್ಲಿ ಅದು ಫೋನಿನ ದಿಕ್ಕನ್ನೇ ಅನುಸರಿಸುತ್ತದೆ, ಹಳೆಯ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಮೌಸಿನ ದಿಕ್ಕು. ಸೆಟ್ಟಿಂಗ್ಸಿನಲ್ಲಿ ಬದಲಿಸಲೂಬಹುದು. ಆಪಲ್‌ನವರು 2011ರಲ್ಲಿ ಮ್ಯಾಕಿನ ಸ್ಕ್ರೋಲ್ ದಿಕ್ಕನ್ನೇ ಫೋನಿನ ಹಾಗೆ ತಿರುಗಿಸಿದರು, ಅಲ್ಲಿ ಮೌಸಿನ ಗಾಲಿಯ ಲೆಕ್ಕವೂ ತಪ್ಪುತ್ತದೆ. ಆದ್ದರಿಂದ ದಿಕ್ಕಿನ ಹಿಂದೆಯೇ "ಎಷ್ಟು ಬೆರಳು?" ಅಂತ ಕೇಳಬೇಕು. ಟಚ್‌ಪ್ಯಾಡಿನಲ್ಲಿ ಒಂದು ಬೆರಳು ಓಡಿಸಿದರೆ ಬಾಣದ ಗುರುತು ಓಡಾಡುತ್ತದೆ, ಪುಟ ಅಲ್ಲೇ ಇರುತ್ತದೆ. ಪುಟ ಸರಿಯಲು ಎರಡು ಬೆರಳು ಬೇಕು. ಫೋನಿನಲ್ಲಿ ಒಂದೇ ಸಾಕು. ದಿಕ್ಕು ಮತ್ತು ಬೆರಳು ಎರಡೂ ಸಿಕ್ಕರೆ ಬಹುಪಾಲು ಉತ್ತರ ಸಿಕ್ಕಂತೆಯೇ.

ಒತ್ತಿ ಹಿಡಿ ಅನ್ನುವುದು ಒಂಟಿಯಾಗಿ ಬಂದರೆ ಏನೂ ಹೇಳುವುದಿಲ್ಲ. ಟಚ್ ಫೋನು, ಕೀಪ್ಯಾಡು, ಮೌಸು, ರಿಮೋಟು, ಎಲ್ಲದರಲ್ಲೂ ಒತ್ತಿ ಹಿಡಿಯುವ ಕೆಲಸ ಇದೆ. ಇಲ್ಲಿ "ಆಮೇಲೆ ಏನಾಯ್ತು?" ಅನ್ನುವ ಪ್ರಶ್ನೆಯೇ ಮುಖ್ಯ. ಮೆಸೇಜಿನಿಂದ ನಂಬರ್ ನಕಲು ಮಾಡಬೇಕಾದಾಗ "ಒತ್ತಿ ಹಿಡಿದು ಎಳೆದೆ, ನೀಲಿ ಬಣ್ಣ ಬಂತು" ಅಂದರೆ ಮೌಸ್. ಅದೇ "ನೀಲಿ ಬಂತು, ಎರಡೂ ತುದಿಗೆ ಹನಿ ಥರ ಏನೋ ಇದೆ" ಅಂದರೆ ಟಚ್, ಆ ಹನಿಗಳು ಬೆರಳಲ್ಲಿ ಹಿಡಿದು ಎಳೆಯುವುದಕ್ಕೆ ಇರುವಂಥವು. ಟೈಪ್ ಮಾಡುವ ಜಾಗದಲ್ಲಿ ಒಂದು ಅಕ್ಷರ ಒತ್ತಿ ಹಿಡಿಯಲು ಹೇಳಿದರೂ ಗೊತ್ತಾಗುತ್ತದೆ. ವಿಂಡೋಸ್ ಕಂಪ್ಯೂಟರಿನಲ್ಲಿ ಅದೇ ಅಕ್ಷರ ಸಾಲಾಗಿ ಬೀಳುತ್ತಾ ಹೋಗುತ್ತದೆ. ಟಚ್ ಫೋನಿನಲ್ಲಿ ಬೆರಳಿನ ಮೇಲ್ಗಡೆ ಪುಟ್ಟ ಚೌಕದಲ್ಲಿ ಬೇರೆ ಗುರುತುಗಳು ಏಳುತ್ತವೆ.

ಇನ್ನು "ಒತ್ತಿ ಹಿಡಿದರೂ ಏನೂ ಆಗ್ತಿಲ್ಲ" ಅನ್ನುವ ದೂರಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಇದರಲ್ಲಿ ವಯಸ್ಸಾದವರು ಸುಮ್ನೆ ಬೈಸಿಕೊಳ್ಳುತ್ತಾರೆ. ಆಂಡ್ರಾಯ್ಡ್ ಫೋನು ಬೆರಳು ಸುಮಾರು ಅರ್ಧ ಸೆಕೆಂಡ್ ಒಂದೇ ಕಡೆ ನಿಂತರೆ ಮಾತ್ರ ಅದನ್ನು ಒತ್ತಿ ಹಿಡಿದದ್ದು ಅಂತ ಲೆಕ್ಕ ಹಾಕುತ್ತದೆ. ಅಷ್ಟರೊಳಗೆ ಬೆರಳು ಒಂದು ಮಿಲಿಮೀಟರಿಗಿಂತ ತುಸು ಜಾಸ್ತಿ ಜಾರಿದರೂ ಸಾಕು, ಇವರು ಸ್ಕ್ರೋಲ್ ಮಾಡುತ್ತಿದ್ದಾರೆ ಅಂತ ತಿಳಿದು ಒತ್ತಿದ್ದನ್ನು ಕೈಬಿಡುತ್ತದೆ. ಕೈ ನಡುಗುವವರಿಗೆ ಇದು ಆಗುವುದೇ ಹೀಗೆ. ಹೇಗೆ ಗೊತ್ತಾಗುತ್ತದೆ ಅಂದರೆ, "ಒತ್ತಿದಾಗ ಪುಟ ಚೂರು ಅಲ್ಲಾಡ್ತಾ?" ಅಂತ ಕೇಳಿ. ಹೌದು ಅಂದರೆ ಕೈಯಲ್ಲಿರುವುದು ಟಚ್ ಫೋನೇ, ಬೆರಳು ಜಾರುತ್ತಿದೆ. ಫೋನನ್ನು ಮೇಜಿನ ಮೇಲಿಟ್ಟು, ಅಂಗೈಯ ಬದಿಯನ್ನು ಮೇಜಿಗೆ ಊರಿ ಒತ್ತಲು ಹೇಳಿ, ಹೆಚ್ಚಿನವರಿಗೆ ಆಗುತ್ತದೆ.

ಕೊನೆಗೆ ರಿಮೋಟ್. ಕೇಳಲು ಎಲ್ಲಕ್ಕಿಂತ ಖಚಿತ ಅನಿಸುವ ಮಾತು ಇದೇ, ಆದರೆ ನನ್ನ ಅನುಭವದಲ್ಲಿ ಜಾಸ್ತಿ ದಾರಿ ತಪ್ಪಿಸಿದ್ದೂ ಇದೇ. ಟಿವಿ ಮುಂದೆ ಕೂತಿದ್ದಾರೆ ಅಂತ ಅದು ಹೇಳುತ್ತದೆ, ಕೈಯಲ್ಲಿ ಯಾವ ರಿಮೋಟ್ ಇದೆ ಅಂತ ಹೇಳುವುದಿಲ್ಲ. ನಮ್ಮ ಮನೆಗಳಲ್ಲಿ ಟಿವಿಗೊಂದು, ಸೆಟ್‌ಟಾಪ್ ಬಾಕ್ಸಿಗೊಂದು ಇದ್ದೇ ಇರುತ್ತದೆ, ಈಗೀಗ ಫ್ಯಾನಿಗೂ ಒಂದು.

ಕುಮಟಾದ ಅತ್ತೆ ಮನೆಯದನ್ನೇ ಹೇಳುತ್ತೇನೆ. ಟಿವಿಯಲ್ಲಿ ಯೂಟ್ಯೂಬ್ ತೆರೆದು ತಾಳಮದ್ದಲೆ ಹುಡುಕುತ್ತಿದ್ದರು. "ಎಷ್ಟು ಒತ್ತಿದ್ರೂ ಮುಂದೆ ಹೋಗ್ತಿಲ್ಲೆ ತಮಾ" ಅಂದರು. ರಿಮೋಟಿನ ಸೆಲ್ ಹೋಗಿರಬಹುದು ಅಂದರೆ, "ಇಲ್ಲೆ, ಸೌಂಡ್ ಜಾಸ್ತಿ ಕಮ್ಮಿ ಆಗ್ತು" ಅಂದರು. ಗುಟ್ಟು ಇರುವುದು ಆ ಮಾತಿನಲ್ಲೇ. ಎಷ್ಟೋ ಸೆಟ್‌ಟಾಪ್ ಬಾಕ್ಸ್ ರಿಮೋಟುಗಳಲ್ಲಿ ಟಿವಿಯ ಪವರ್, ಸೌಂಡ್, ಸೋರ್ಸ್ ಬಟನ್‌ಗಳ ಸಿಗ್ನಲನ್ನು ಕಲಿಸಿಟ್ಟುಕೊಳ್ಳುವ ಅನುಕೂಲ ಇರುತ್ತದೆ. ಕೇಬಲ್ ಹಾಕುವ ಹುಡುಗ ಬಂದಾಗಲೇ ಅದನ್ನು ಮಾಡಿಕೊಟ್ಟು ಹೋಗುತ್ತಾನೆ. ಹಾಗಾಗಿ ಆ ಕೆಲವು ಬಟನ್ ಒತ್ತಿದರೆ ಟಿವಿ ಮಾತು ಕೇಳುತ್ತದೆ. ಬಾಣದ ಬಟನ್‌ಗಳು ಮಾತ್ರ ಬಾಕ್ಸಿಗೇ ಹೋಗುತ್ತವೆ, ಯೂಟ್ಯೂಬಿಗೆ ಅದು ತಲುಪುವುದೇ ಇಲ್ಲ. ಸೌಂಡ್ ಕೆಲಸ ಮಾಡುತ್ತದೆ ಅನ್ನುವ ಒಂದೇ ಕಾರಣಕ್ಕೆ ಇದೇ ಸರಿಯಾದ ರಿಮೋಟ್ ಅಂತ ಅತ್ತೆ ನಂಬಿದ್ದರು.

ಖಾತ್ರಿ ಮಾಡಿಕೊಳ್ಳಲು ಸೋರ್ಸ್ ಬಟನ್ ಒತ್ತಿ ಮತ್ತೆ ಬಾಕ್ಸಿಗೆ ಬರಲು ಹೇಳಿದೆ. ಅಲ್ಲಿ ಚಾನೆಲ್ ಬದಲಾಗಿತ್ತು. ಯೂಟ್ಯೂಬಿನ ಹಿಂದೆ ಕಾಣದ ಬಾಕ್ಸ್ ಅತ್ತೆ ಒತ್ತಿದ ಬಾಣಗಳನ್ನೆಲ್ಲ ಪಾಲಿಸುತ್ತಾ ಕೂತಿತ್ತು. ಟಿವಿಯ ಸ್ವಂತ ರಿಮೋಟ್ ಕಪಾಟಿನಲ್ಲಿ ಪ್ಲಾಸ್ಟಿಕ್ ಕವರ್ ಸಮೇತ ಇತ್ತು. ಅದನ್ನು ತಂದು ಒತ್ತಿದರೆ ಸೌಂಡೂ ಇಲ್ಲ, ಬಾಣವೂ ಇಲ್ಲ. ಇದರ ಸೆಲ್ ಮಾತ್ರ ನಿಜವಾಗಿಯೂ ಹೋಗಿತ್ತು. ಇಂಥ ಸಂಶಯ ಬಂದರೆ ಫೋನಿನ ಕ್ಯಾಮೆರಾ ತೆರೆದು ರಿಮೋಟಿನ ಮೂತಿಯನ್ನು ಅದಕ್ಕೆ ತೋರಿಸಿ ಬಟನ್ ಒತ್ತಿ. ಸೆಲ್ ಇದ್ದರೆ ತಿಳಿ ನೇರಳೆ ಬೆಳಕು ಮಿಣುಕುವುದು ಪರದೆಯಲ್ಲಿ ಕಾಣುತ್ತದೆ. ಹಿಂದಿನ ಕ್ಯಾಮೆರಾದಲ್ಲಿ ಕಾಣದಿದ್ದರೆ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿ, ಕೆಲವು ಫೋನಿನ ಹಿಂದಿನ ಕ್ಯಾಮೆರಾ ಆ ಬೆಳಕನ್ನು ಸೋಸಿಬಿಡುತ್ತದೆ. ಬ್ಲೂಟೂತ್ ರಿಮೋಟುಗಳಿಗೆ ಈ ಪರೀಕ್ಷೆ ನಡೆಯುವುದಿಲ್ಲ, ಅವುಗಳಲ್ಲಿ ಪವರ್ ಬಟನ್ ಬಿಟ್ಟರೆ ಉಳಿದವು ಬೆಳಕು ಬಿಡದೇ ಇರಬಹುದು.

ಹಾಗಾಗಿ ನನ್ನ ಲೆಕ್ಕದಲ್ಲಿ ತಾನಾಗಿ ಬಂದ ಮಾತುಗಳಲ್ಲಿ ಸ್ವೈಪ್ ಮೊದಲು. ಕೇಳಿ ಹೊರಡಿಸುವುದಾದರೆ ಸ್ಕ್ರೋಲಿನ ದಿಕ್ಕು. ಒತ್ತಿ ಹಿಡಿದದ್ದರ ಫಲ ಮೂರನೆಯದು. ರಿಮೋಟ್ ಅಂದ ಕೂಡಲೇ ಬೇರೇನೂ ಹೇಳದೆ "ಬಾಣದ ಬಟನ್ ಒತ್ತಿದರೆ ಪರದೆ ಮೇಲಿನ ಚೌಕ ಜರುಗುತ್ತಾ?" ಅಂತ ಕೇಳುವುದು ನನ್ನ ರೂಢಿ.

ಈ ಯಾವ ಮಾತೂ ಸರಿಯಾಗಿ ಹಿಡಿಯದ ಸಾಧನವೂ ಒಂದಿದೆ, ಟಚ್ ಪರದೆಯ ಲ್ಯಾಪ್‌ಟಾಪ್. ಅದನ್ನು ಉಜ್ಜಲೂಬಹುದು, ಎರಡು ಬೆರಳಲ್ಲಿ ತಳ್ಳಲೂಬಹುದು, ಗಾಲಿ ತಿರುಗಿಸಲೂಬಹುದು. ಒಂದೇ ಕರೆಯಲ್ಲಿ ಮೂರೂ ಮಾತು ಬಂದರೆ ನಾನು ಅದನ್ನೇ ಮೊದಲು ಅನುಮಾನಿಸುತ್ತೇನೆ. ಆಗ "ಪರದೆ ಮುಟ್ಟಬೇಡಿ, ಟಚ್‌ಪ್ಯಾಡನ್ನೇ ಬಳಸಿ" ಅಂತ ಹೇಳಿ ಮುಂದಿನ ದಾರಿಯನ್ನೆಲ್ಲ ಅದಕ್ಕೆ ಒಪ್ಪುವ ಹಾಗೆ ಹೇಳುತ್ತೇನೆ.