ಸೈಟ್ ಮಾರುವವರ ಕಾಲ್ ಬ್ಲಾಕ್ ಮಾಡಿ ಸುಮ್ಮನಾಗಬೇಡಿ

ರಾಜಾಜಿನಗರದ ಹಿರಿಯರೊಬ್ಬರಿಗೆ ದೇವನಹಳ್ಳಿ ಕಡೆ ಸೈಟ್ ಇದೆ ಅಂತ ದಿನಾ ಕಾಲ್ ಬರುತ್ತಿತ್ತು. ಪ್ರತಿ ಸಲವೂ ಬ್ಲಾಕ್ ಮಾಡಿದರು, ಕಾಲ್ ಲಾಗ್ ಅಳಿಸಿದರು. ಮರುದಿನ ಅದೇ ದನಿ, ಬೇರೆ ನಂಬರ್. ಬ್ಲಾಕ್ ಅನ್ನೋದು ಆ ಒಂದು ನಂಬರನ್ನು ನಿಮ್ಮ ಫೋನಿನ ಮಟ್ಟಿಗೆ ತಡೆಯುತ್ತೆ, ಅಷ್ಟೇ. ಕೊನೆಯ ಅಂಕಿ ಬದಲಾದರೂ ಫೋನಿಗೆ ಅದು ಹೊಸ ನಂಬರ್. ವಾಟ್ಸ್ಆ್ಯಪ್‌ಗೂ ಆ ಬ್ಲಾಕ್ ಅನ್ವಯಿಸಲ್ಲ, ಅಲ್ಲಿ ಬೇರೆಯಾಗಿ ಮಾಡಬೇಕು. ಮಾಡಿದ ಮೇಲೂ ಇಬ್ಬರೂ ಇರುವ ಗ್ರೂಪಿನಲ್ಲಿ ಆತನ ಮೆಸೇಜ್ ಕಾಣುತ್ತಲೇ ಇರುತ್ತೆ.

ಬೇಸತ್ತು ಅವರು ಗೊತ್ತಿಲ್ಲದ ನಂಬರುಗಳ ಕಾಲನ್ನೆಲ್ಲ ಮೌನವಾಗಿಸುವ ಸೆಟ್ಟಿಂಗ್ ಹಾಕಿಬಿಟ್ಟರು. ನಿಜವಾದ ತೊಂದರೆ ಶುರುವಾಗಿದ್ದು ಆಗ. ಈ ಸೆಟ್ಟಿಂಗ್ ಕಾಲನ್ನು ತಡೆಯಲ್ಲ, ರಿಂಗ್ ಮಾತ್ರ ನಿಲ್ಲಿಸುತ್ತೆ. ಕಾಲ್ ಬಂದಿದ್ದು ಲಾಗಿನಲ್ಲಿ ಇರುತ್ತೆ. ಸೈಟ್ ಏಜೆಂಟ್ ಯಾರು, ರಕ್ತಪರೀಕ್ಷೆ ಲ್ಯಾಬಿನವರು ಯಾರು ಅಂತ ಅದಕ್ಕೆ ತಿಳಿಯಲ್ಲ. ಸೇವ್ ಆಗಿರದ ಲ್ಯಾಬ್ ನಂಬರಿನಿಂದ ತುರ್ತು ಕಾಲ್ ಬಂದಿತ್ತು, ಅವರು ನೋಡಿದ್ದು ಸಂಜೆ. ವಯಸ್ಸಾದವರ ಫೋನಿನಲ್ಲಿ ಇದನ್ನು ಹಾಕುವ ಮುಂಚೆ ಆಸ್ಪತ್ರೆ, ಲ್ಯಾಬ್, ಗ್ಯಾಸ್ ಏಜೆನ್ಸಿ, ಮೊಮ್ಮಕ್ಕಳ ಸ್ಕೂಲ್ ವ್ಯಾನ್ ನಂಬರುಗಳನ್ನು ದಯವಿಟ್ಟು ಸೇವ್ ಮಾಡಿಕೊಡಿ. ವಾಟ್ಸ್ಆ್ಯಪ್‌ನಲ್ಲಿ ಮಾತ್ರ ಧೈರ್ಯವಾಗಿ ಹಾಕಬಹುದು: Settings, Privacy, Calls, ಅಲ್ಲಿ Silence unknown callers.

ಇನ್ನು ದೂರು. ಬ್ಲಾಕ್ ಮಾಡುವಾಗ ಫೋನ್ ಆ್ಯಪ್ ಕೇಳುವ Report spam ಒತ್ತಿದರೆ ಮಾಹಿತಿ ಹೋಗೋದು ಆ ಆ್ಯಪ್ ಕಂಪನಿಗೆ. ಬೇರೆಯವರ ಪರದೆಯಲ್ಲಿ ಸ್ಪ್ಯಾಮ್ ಅಂತ ತೋರಿಸೋಕೆ ಅದು ನೆರವಾಗಬಹುದು, ಆದರೆ ಆತನ ಸಿಮ್‌ಗೆ ಏನೂ ಆಗಲ್ಲ. ಸಿಮ್ ಮೇಲೆ ಕ್ರಮ ಆಗಬೇಕಾದರೆ ದೂರು ಬೇಡದ ಮಾರಾಟ ಕಾಲ್‌ಗಳಿಗಾಗಿಯೇ ಇರುವ 1909ಕ್ಕೆ ಅಥವಾ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್‌ನ ಡಿಎನ್‌ಡಿ ಆ್ಯಪ್ ಮೂಲಕ ಹೋಗಬೇಕು. ಕರೆ ಮಾಡಿದ ನಂಬರ್, ತಾರೀಕು, ಏನು ಮಾರಲು ಬಂದರು ಅನ್ನೋದು ಒಂದು ಸಾಲು, ಇಷ್ಟು ಸಾಕು. ಟ್ರಾಯ್ ನಿಯಮಗಳ 2025ರ ತಿದ್ದುಪಡಿ ಪ್ರಕಾರ ಕಾಲ್ ಬಂದ 7 ದಿನದೊಳಗೆ ಕೊಡಬೇಕು. ಸಾಮಾನ್ಯ ಹತ್ತಂಕಿ ನಂಬರಿನಿಂದ, ನೋಂದಣಿ ಇಲ್ಲದೆ ಮಾರುವವರ ಮೇಲೆ ದೂರು ಕೊಡಲು ನೀವು ಮೊದಲೇ ಮಾರಾಟದ ಕಾಲ್ ಬೇಡ ಅಂತ ಡಿಎನ್‌ಡಿ ಹಾಕಿಸಿರಬೇಕು ಅಂತಲೂ ಇಲ್ಲ. ಒಂದೇ ನಂಬರಿನ ಮೇಲೆ 10 ದಿನದಲ್ಲಿ 5 ದೂರು ಬಂದರೆ ಕ್ರಮಕ್ಕೆ ದಾರಿಯಾಗುತ್ತೆ. ಹಾಗಾಗಿ ಅದೇ ನಂಬರ್ ಅಪಾರ್ಟ್‌ಮೆಂಟಿನ ನಾಲ್ಕು ಮನೆಗೆ ಕಾಡುತ್ತಿದ್ದರೆ ನಾಲ್ವರೂ ಬೇರೆಬೇರೆಯಾಗಿ ಕೊಡಿ.

ಆ ಹಿರಿಯರ ಬಳಿ ಕೊಡಲು ಏನೂ ಉಳಿದಿರಲಿಲ್ಲ. ಲಾಗ್ ಅಳಿಸಿದ್ದರಿಂದ ಯಾವ ತಾರೀಕಿಗೆ ಯಾವ ನಂಬರ್ ಅನ್ನೋದೇ ಹೋಗಿತ್ತು. ಮೊದಲು ಸ್ಕ್ರೀನ್‌ಶಾಟ್, ಆಮೇಲೆ ದೂರು, ಕೊನೆಗೆ ಬ್ಲಾಕ್, ಈ ಕ್ರಮ ತಪ್ಪಿಸಬೇಡಿ.

ಬ್ಯಾಂಕ್ ಕೆವೈಸಿ, ಪೊಲೀಸ್, ಕೊರಿಯರ್ ಹೆಸರಲ್ಲಿ ಹೆದರಿಸುವ ಕಾಲ್ ಬಂದರೆ 1909 ಸರಿಯಾದ ಜಾಗವಲ್ಲ. ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ಚಕ್ಷು ಅನ್ನೋ ವಿಭಾಗದಲ್ಲಿ ಹಾಕಿ, ವಾಟ್ಸ್ಆ್ಯಪ್‌ನಲ್ಲಿ ಬಂದದ್ದನ್ನೂ ಅಲ್ಲಿ ತಗೋತಾರೆ. ದುಡ್ಡು ಹೋಗಿದ್ದರೆ ಚಕ್ಷು ಕೂಡ ಅಲ್ಲ, ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕಾಲ್ ಮಾಡಿ.