ಬೇಸನ್ ಉಂಡೆ: ತುಪ್ಪ ಕಡಿಮೆಯಾಯಿತೋ, ಹುರಿದದ್ದು ಸಾಲಲಿಲ್ಲವೋ?

ನಮ್ಮ ಮನೆಯ ಬೇಸನ್ ಉಂಡೆ ಮಾಡಿದ ದಿನ ಅಂಗುಳಿಗೆ ಅಂಟುತ್ತಿತ್ತು, ಮೂರನೆಯ ದಿನಕ್ಕೆ ಗಟ್ಟಿಯಾಗುತ್ತಿತ್ತು. ತುಪ್ಪ ಕಡಿಮೆ ಹಾಕಿದ್ದೀಯ ಎನ್ನುವುದು ಅಮ್ಮನ ವಾದ. ಹುರಿದದ್ದು ಸಾಲದು ಎನ್ನುವುದು ಅತ್ತೆಯ ವಾದ. ಇಬ್ಬರದೂ ಪಳಗಿದ ಕೈ, ಹಾಗಾಗಿ ಬಾಯಿಮಾತಿನಲ್ಲಿ ತೀರ್ಮಾನವಾಗಲಿಲ್ಲ. ಕೊನೆಗೆ ದೀಪಾವಳಿಗೆ ಮುಂಚೆ ನಾಲ್ಕು ಸಲ ಮಾಡಿ ನೋಡಿದೆ. ಪ್ರತಿ ಸಲವೂ ಒಂದೇ ಪೊಟ್ಟಣದ ನುಣುಪು ಕಡಲೆ ಹಿಟ್ಟು 250 ಗ್ರಾಂ, ಸಕ್ಕರೆ ಪುಡಿ 180 ಗ್ರಾಂ, ಅದೇ ದಪ್ಪ ತಳದ ಬಾಣಲೆ, ಸಣ್ಣ ಉರಿ. ಬದಲಾದದ್ದು ತುಪ್ಪದ ಅಳತೆ, ಅದನ್ನು ಹಾಕುವ ಸಮಯ ಮತ್ತು ಹುರಿಯುವ ಹೊತ್ತು ಮಾತ್ರ.

ಮೊದಲನೆಯದು ನಮ್ಮ ಹಳೆಯ ಪದ್ಧತಿ. ಹಿಟ್ಟನ್ನು ಒಣದಾಗಿ ಹತ್ತು ನಿಮಿಷ ಹುರಿದು, ಆಮೇಲೆ 90 ಗ್ರಾಂ ಕರಗಿದ ತುಪ್ಪ ಸುರಿದೆ. ಒಣ ಹಿಟ್ಟು ಒಂದೇ ಸಮನೆ ಹುರಿಯುವುದಿಲ್ಲ. ತಳ ಕೆಂಪಾದರೂ ಮೇಲಿನದು ಹಸಿಯಾಗಿಯೇ ಉಳಿಯುತ್ತದೆ. ಉಂಡೆ ಕಟ್ಟುವಾಗ ಬಿರುಕು ಬಿಟ್ಟಿತು. ತಿಂದರೆ ಪುಡಿಪುಡಿ, ಕೊನೆಯಲ್ಲಿ ಹಸಿ ಕಡಲೆಯ ವಾಸನೆ.

ಎರಡನೆಯ ಸಲ ಅಮ್ಮನ ಮಾತು ಕೇಳಿ ತುಪ್ಪವನ್ನು 125 ಗ್ರಾಂಗೆ ಏರಿಸಿ, ಮೊದಲಿನಿಂದಲೇ ಹಿಟ್ಟಿನ ಜೊತೆಗೆ ಹಾಕಿ ಹುರಿದೆ. ಆದರೆ ಹನ್ನೆರಡು ನಿಮಿಷಕ್ಕೇ ಇಳಿಸಿದೆ. ಆಗ ಅದು ಸೌಟಿಗೆ ಅಂಟಿಕೊಳ್ಳುವ ಗಟ್ಟಿ ಮುದ್ದೆಯಂತಿತ್ತು. ಇನ್ನೆರಡು ಚಮಚ ತುಪ್ಪ ಬೇಕೇನೋ ಎಂದು ಯಾರಿಗಾದರೂ ಅನ್ನಿಸುವಂತಿತ್ತು. ಉಂಡೆಯೇನೋ ಕಟ್ಟಲು ಬಂತು, ಅಂಗುಳಿಗೆ ಅಂಟುವುದು ಮಾತ್ರ ತಪ್ಪಲಿಲ್ಲ.

ಮೂರನೆಯ ಸಲವೂ ಅದೇ 125 ಗ್ರಾಂ ತುಪ್ಪ, ಆದರೆ ಕೈಬಿಡದೆ 25 ನಿಮಿಷ ಹುರಿದೆ. ಉತ್ತರ ಸಿಕ್ಕಿದ್ದು ಇಲ್ಲಿ. ಹದಿನೈದು ನಿಮಿಷದವರೆಗೆ ಮುದ್ದೆ ಮುದ್ದೆಯಾಗಿಯೇ ಇತ್ತು. ಹದಿನೆಂಟರ ಹೊತ್ತಿಗೆ ಸೌಟು ಹಗುರವಾಗತೊಡಗಿತು. ಇಪ್ಪತ್ತಕ್ಕೆ ಹಿಟ್ಟು ಸಡಿಲಗೊಂಡು, ಅಂಚಿನಲ್ಲಿ ತುಪ್ಪ ಮಿನುಗಿ, ಸೌಟೆತ್ತಿದರೆ ದೋಸೆ ಹಿಟ್ಟಿನಂತೆ ಇಳಿಯತೊಡಗಿತು. ಒಂದು ಹನಿ ತುಪ್ಪವನ್ನೂ ನಾನು ಹೊಸದಾಗಿ ಹಾಕಿರಲಿಲ್ಲ. ಹಿಟ್ಟಿನೊಳಗಿನ ತೇವ ಆರಿದಂತೆ, ಅದು ಹಿಡಿದಿಟ್ಟುಕೊಂಡಿದ್ದ ತುಪ್ಪ ಬಿಟ್ಟುಕೊಳ್ಳುತ್ತದೆ. ಬಣ್ಣ ತಿಳಿ ಹಳದಿಯಿಂದ ಹೊಂಬಣ್ಣಕ್ಕೆ ತಿರುಗಿತು, ಹಸಿ ವಾಸನೆ ಹೋಗಿ ಹುರಿದ ಬೀಜದಂಥ ಘಮ ಬಂತು. ಉಂಡೆ ಬಾಯಲ್ಲಿಟ್ಟರೆ ಕರಗಿತು, ವಾರವಾದರೂ ಹಾಗೆಯೇ ಇತ್ತು.

ಆದ್ದರಿಂದ ಹಿಟ್ಟು ಸಡಿಲಗೊಳ್ಳುವ ಮೊದಲೇ ತುಪ್ಪ ಸಾಲದೆಂದು ತೀರ್ಮಾನಿಸಬಾರದು. ಹಾಗೆ ಆತುರಪಟ್ಟು ಸುರಿದರೆ ಏನಾಗುತ್ತದೆಂದು ನಾಲ್ಕನೆಯ ಸಲ ಕಂಡೆ. 175 ಗ್ರಾಂ ತುಪ್ಪ, ಅದೇ 25 ನಿಮಿಷ. ರುಚಿ ಸೊಗಸಾಗಿತ್ತು, ಆದರೆ ಕಟ್ಟಿದ ಉಂಡೆಗಳು ತಟ್ಟೆಯಲ್ಲಿ ಚಪ್ಪಟೆಯಾಗಿ ಕೂತು ಅಡಿಯಲ್ಲಿ ಜಿಡ್ಡು ಬಿಟ್ಟವು. ಆಕಾರ ನಿಲ್ಲಲಿ ಎಂದು ಫ್ರಿಜ್ಜಿನಲ್ಲಿಟ್ಟೆ. ತುಪ್ಪ ಹೆಪ್ಪುಗಟ್ಟಿ, ಹೊರತೆಗೆದ ಕೂಡಲೇ ಹಲ್ಲಿಗೆ ಕಲ್ಲಿನಂತಾದವು. ಬೇಸನ್ ಉಂಡೆಗೆ ಪಾಕದ ಆಸರೆ ಇಲ್ಲ. ಅದನ್ನು ಹಿಡಿದು ನಿಲ್ಲಿಸುವುದು ತುಪ್ಪವೇ, ಹಾಗಾಗಿ ತುಪ್ಪದ ಗುಣವೇ ಉಂಡೆಯ ಗುಣ. ಮೈಸೂರು ಪಾಕಿನ ಗಟ್ಟಿತನದ ಲೆಕ್ಕ ಬೇರೆ, ಅಲ್ಲಿ ಸಕ್ಕರೆ ಪಾಕದ ಎಳೆಯೇ ದೊಡ್ಡ ಪಾತ್ರ ವಹಿಸುತ್ತದೆ.

ಗಟ್ಟಿಯಾಗಲು ಇನ್ನೊಂದು ಕಾರಣವಿದೆ, ಅದನ್ನು ನಾನು ಹಿಂದೆ ಒಮ್ಮೆ ಪೂರ್ತಿ ಅನುಭವಿಸಿದ್ದೇನೆ. ರವೆಯಂಥ ತರಿ ಬರಲೆಂದು ಹುರಿತದ ಕೊನೆಯಲ್ಲಿ ಒಂದು ಚಮಚ ನೀರು ಚಿಮುಕಿಸುವ ರೂಢಿಯಿದೆ. ಹಿಟ್ಟು ನೊರೆಯೆದ್ದು ಸಣ್ಣ ಕಾಳುಗಟ್ಟುತ್ತದೆ, ಇದು ಬೇಕಾದ ತರಿ. ಆದರೆ ನೊರೆ ಅಡಗಿ ನೀರು ಪೂರ್ತಿ ಆವಿಯಾಗುವ ಮೊದಲೇ, ಬಿಸಿಯಲ್ಲೇ ಸಕ್ಕರೆ ಬೆರೆಸಿದ್ದೆ. ಉಳಿದ ತೇವದಲ್ಲಿ ಸಕ್ಕರೆ ಕರಗಿ, ಆರಿದ ಮೇಲೆ ಮತ್ತೆ ಹರಳುಗಟ್ಟಿ, ಉಂಡೆಯನ್ನೆಲ್ಲ ಬಿಗಿದುಬಿಟ್ಟಿತು. ಮಗಳು ಕುಟ್ಟಣಿಯಲ್ಲಿ ಒಡೆದು ತಿಂದಳು. ಈಗ ಬಾಣಲೆ ಇಳಿಸಿ, ಹಿಟ್ಟನ್ನು ಬೇರೆ ತಟ್ಟೆಗೆ ಹಾಕಿ, ಬೆರಳಿಗೆ ಉಗುರುಬೆಚ್ಚಗೆ ಎನಿಸಿದ ಮೇಲೆಯೇ ಸಕ್ಕರೆ ಬೆರೆಸುತ್ತೇನೆ. ಬಿಸಿ ಬಾಣಲೆಯಲ್ಲೇ ಬಿಟ್ಟರೆ ಹಿಟ್ಟು ಉರಿ ಆರಿಸಿದ ಮೇಲೂ ಹುರಿಯುತ್ತಲೇ ಇದ್ದು ಕಹಿಯಾಗುತ್ತದೆ.

ನನ್ನ ಆಯ್ಕೆ ಮೂರನೆಯದು, ಅಂದರೆ ಹಿಟ್ಟಿನ ತೂಕದ ಅರ್ಧದಷ್ಟು ತುಪ್ಪ. ಲಾಡುವಿಗೆಂದೇ ಮಾರುವ ತರಿ ಹಿಟ್ಟಾದರೆ ಐದು ನಿಮಿಷ ಹೆಚ್ಚು ಬೇಕಾಗುತ್ತದೆ. ಗಡಿಯಾರಕ್ಕಿಂತ ಸೌಟು ಹಗುರವಾಗುವುದನ್ನು ನಂಬಬಹುದು. ಅತ್ತೆಗೆ ಆ ಮೂರನೆಯ ಡಬ್ಬಿಯನ್ನೇ ಕಳುಹಿಸಿದೆ, ಅಮ್ಮನಿಗೂ.