ಸ್ಕಿನ್‌ಕೇರ್ ಮಂತ್ಲಿ ಬಾಕ್ಸ್ ಶುರು ಮಾಡುವ ಮುಂಚೆ ನನ್ನ ಈ ಲೆಕ್ಕ ನೋಡಿ

ದಾವಣಗೆರೆಯ ನಮ್ಮ ಮನೆಯ ಮೇಲಿನ ರೂಮಿನಲ್ಲಿ ಇನ್ನೂ ಹತ್ತಾರು ರಟ್ಟಿನ ಪೆಟ್ಟಿಗೆಗಳಿವೆ. ಒಳಗಿರುವುದು ಸಣ್ಣ ಫೇಸ್‌ವಾಶ್, ಕ್ರೀಮ್. ಮಾರಾಟವಾಗದೆ ಉಳಿದವು. ಇದೇ ದಾರಿ ಹಿಡಿಯಬೇಕು ಅಂದುಕೊಂಡವರಿಗೆ ನನ್ನ ಕತೆ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ.

ಯೋಜನೆ ಸರಳವಾಗಿತ್ತು. ತಿಂಗಳಿಗೆ 599 ರೂಪಾಯಿ, ಬಾಕ್ಸ್‌ನಲ್ಲಿ ನಾಲ್ಕು ಸಣ್ಣ ಪ್ರಾಡಕ್ಟ್. ಒಂದೊಂದಕ್ಕೆ ನನಗೆ ಬೀಳುವ ಬೆಲೆ 55, ಅಂದರೆ ನಾಲ್ಕಕ್ಕೆ 220. ಬಾಕ್ಸ್, ಕಾರ್ಡ್, ಟಿಶ್ಯೂ ಸೇರಿ 48. ಕೊರಿಯರ್ 55. ಒಂದು ಬಾಕ್ಸ್‌ಗೆ 276 ಉಳಿಯುತ್ತದೆ ಎಂದು ನೋಟ್‌ಬುಕ್‌ನಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದೆ.

ಮೊದಲ ತಪ್ಪು ಅಲ್ಲೇ ಆಗಿತ್ತು. 599 ಪೂರ್ತಿ ನನ್ನದಲ್ಲ. ಅದರೊಳಗೆ 18% ಜಿಎಸ್‌ಟಿ ಇದೆ, ತೆಗೆದರೆ ಕೈಗೆ ಬರುವುದು ಸುಮಾರು 507. ಆನ್‌ಲೈನ್ ಪೇಮೆಂಟ್‌ಗೆ ಇನ್ನೊಂದು 12 ಹೋಗುತ್ತದೆ. ಆಮೇಲೆ ಕೊರಿಯರ್. ನನ್ನ ಬಾಕ್ಸ್ ತೂಗಿದರೆ 280 ಗ್ರಾಂ ಅಷ್ಟೇ. ಆದರೆ ಕೊರಿಯರ್‌ನವರು ತೂಕದ ಜೊತೆ ಗಾತ್ರವನ್ನೂ ಲೆಕ್ಕ ಹಾಕುತ್ತಾರೆ: ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ಕೆಜಿ ಸಿಗುತ್ತದೆ. ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ಬಿಲ್. ನನ್ನ 22×16×9ರ ಬಾಕ್ಸ್ 630 ಗ್ರಾಂ ದಾಟಿ, ಒಂದು ಕೆಜಿ ರೇಟಿಗೆ ಬಿತ್ತು. 55 ಇದ್ದದ್ದು 92 ಆಯಿತು. 20×14×8ರ ಬಾಕ್ಸ್ ಆಗಿದ್ದರೆ ಅರ್ಧ ಕೆಜಿಯ ಒಳಗೇ ಇರುತ್ತಿತ್ತು. ಆದರೆ ಅಷ್ಟರಲ್ಲಿ ಸಾವಿರ ಬಾಕ್ಸ್ ಪ್ರಿಂಟ್ ಹಾಕಿಸಿಬಿಟ್ಟಿದ್ದೆ.

276 ಎಂದುಕೊಂಡಿದ್ದ ಲಾಭ 135ಕ್ಕೆ ಇಳಿಯಿತು. ಅಷ್ಟಾದರೂ ಬಂದಿದ್ದರೆ ನಡೆಯುತ್ತಿತ್ತು. ನನ್ನನ್ನು ನಿಜವಾಗಿ ಮುಳುಗಿಸಿದ್ದು ಕನಿಷ್ಠ ಆರ್ಡರ್.

ಸಪ್ಲೈಯರ್ ಒಂದು ಪ್ರಾಡಕ್ಟ್‌ಗೆ 500 ಪೀಸ್‌ಗಿಂತ ಕಮ್ಮಿ ಮಾಡಿಕೊಡುವುದಿಲ್ಲ ಎಂದರು. ನಾಲ್ಕಕ್ಕೆ 2000 ಪೀಸ್, 1,10,000 ರೂಪಾಯಿ. ಮೊದಲ ತಿಂಗಳು ಬಂದ ಚಂದಾದಾರರು 180. ಉಳಿದದ್ದು ಮುಂದಿನ ತಿಂಗಳಿಗೆ ಆಗುತ್ತದೆ ಬಿಡು ಅಂದುಕೊಂಡೆ. ಆದರೆ ಮಂತ್ಲಿ ಬಾಕ್ಸ್ ತೆಗೆದುಕೊಳ್ಳುವವರು ಪ್ರತಿ ತಿಂಗಳೂ ಹೊಸದು ಬರಲಿ ಎಂದೇ ದುಡ್ಡು ಕೊಡುತ್ತಾರೆ, ಅಲ್ವಾ? ಹೋದ ತಿಂಗಳ ಫೇಸ್‌ವಾಶನ್ನೇ ಮತ್ತೆ ಹೇಗೆ ಕಳಿಸಲಿ? ಅಂಗಡಿಯಲ್ಲಾದರೆ ಉಳಿದ ಸಾಮಾನು ನಾಳೆ ಹೋಗುತ್ತದೆ. ಇಲ್ಲಿ ತಿಂಗಳು ಮುಗಿದರೆ ಅದರ ಕತೆಯೂ ಮುಗಿಯಿತು. 70,400 ರೂಪಾಯಿಯ ಮಾಲು ಕೂತಿತು. 180 ಬಾಕ್ಸ್‌ನ ಲಾಭ 24,300 ಕಳೆದರೂ ಕೈಯಿಂದ 46,100 ಹೋಗಿತ್ತು. ಎರಡನೇ ತಿಂಗಳು ಮತ್ತೆ ನಾಲ್ಕು ಹೊಸ ಪ್ರಾಡಕ್ಟ್, ಮತ್ತೆ 2000 ಪೀಸ್. ಚಂದಾದಾರರು ಮಾತ್ರ 140. ಎರಡೇ ತಿಂಗಳಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಸಿಕ್ಕಿಕೊಂಡಿತು.

ಆಗಲೇ ಮಾಡಬೇಕಿದ್ದ ಒಂದು ಕೆಲಸ ನನಗೆ ತಡವಾಗಿ ಹೊಳೆಯಿತು. ಯಾವ ತಿಂಗಳು ಸೇರಿದರೂ ಹೊಸಬರಿಗೆ ಒಂದನೇ ಬಾಕ್ಸನ್ನೇ ಮೊದಲು ಕಳಿಸಬೇಕಿತ್ತು. ಅವರಿಗೆ ಅದೂ ಹೊಸದೇ. ನಾನು ಎಲ್ಲರಿಗೂ ಆ ತಿಂಗಳ ಬಾಕ್ಸ್ ಕಳಿಸಿ, ಹಳೆ ಮಾಲಿಗಿದ್ದ ದಾರಿಯನ್ನು ನಾನೇ ಮುಚ್ಚಿಕೊಂಡೆ.

ಕೂಡಿಟ್ಟು ನಿಧಾನವಾಗಿ ಮಾರೋಣ ಎಂದರೆ ಅದೂ ಸುಲಭವಲ್ಲ. ವಿಟಮಿನ್ ಸಿ ಸೀರಮ್ ಗಾಳಿ, ಬೆಳಕು, ಬಿಸಿಗೆ ಬೇಗ ಕೆಡುತ್ತದೆ. ಶೀಟಿನ ಕೆಳಗಿದ್ದ ರೂಮಿನಲ್ಲಿ ಏಪ್ರಿಲ್ ಕಳೆಯುವಷ್ಟರಲ್ಲಿ ತಿಳಿ ಬಣ್ಣದ ಸೀರಮ್ ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಲೇಬಲ್‌ನಲ್ಲಿ ಇನ್ನೂ ಒಂದು ವರ್ಷ ಬಾಕಿ ಇತ್ತು. ಆ ಸೀರಮ್ ಎಲ್ಲ ಎಸೆದೆ. ಬಣ್ಣ ಹಾಗೆ ಗಾಢವಾದರೆ ತಾರೀಖು ನೋಡಿ ಧೈರ್ಯ ಮಾಡಬೇಡಿ.

ಮೂರನೇ ತಿಂಗಳು ಕೆಟ್ಟ ಯೋಚನೆಯೊಂದು ಮಾಡಿದೆ. ಲೀಟರ್ ಕ್ಯಾನ್‌ನಲ್ಲಿ ತರಿಸಿ, ಮನೆಯಲ್ಲೇ ಸಣ್ಣ ಬಾಟಲಿಗೆ ತುಂಬಿದರೆ 500 ಪೀಸ್ ಕಾಟವೇ ಇಲ್ಲ. 60 ಬಾಟಲಿ ತುಂಬಿಯೂ ಆಗಿತ್ತು. ಮೆಡಿಕಲ್ ಶಾಪ್ ಇಟ್ಟಿರುವ ನಮ್ಮ ಚಿಕ್ಕಪ್ಪ ನೋಡಿ, "ಏ ಪುಟ್ಟಿ, ಇದು ಲೈಸೆನ್ಸ್ ಇಲ್ದೆ ಮಾಡೋ ಕೆಲಸ ಅಲ್ಲಮ್ಮ, ನಿಲ್ಸು" ಎಂದರು. ಅವರು ಹೇಳಿದ್ದು ನಿಜ. 1940ರ ಡ್ರಗ್ಸ್ ಅಂಡ್ ಕಾಸ್ಮೆಟಿಕ್ಸ್ ಕಾಯ್ದೆಯಲ್ಲಿ ಮಾರಾಟಕ್ಕಾಗಿ ಪ್ಯಾಕ್ ಮಾಡುವುದು, ಲೇಬಲ್ ಹಚ್ಚುವುದು ಕೂಡ ತಯಾರಿಕೆಯೇ. ಅದಕ್ಕೆ ಲೈಸೆನ್ಸ್ ಬೇಕು. ತಯಾರಕರ ವಿಳಾಸ, ಬ್ಯಾಚ್ ನಂಬರ್, ಲೈಸೆನ್ಸ್ ನಂಬರ್ ಲೇಬಲ್ ಮೇಲೆ ಇರಬೇಕು. ಅದೂ ಅಲ್ಲದೆ ನಾನು ತುಂಬಿದ್ದು ಅಡುಗೆಮನೆ ಕಟ್ಟೆಯ ಮೇಲೆ. ಯಾರದೋ ಮುಖಕ್ಕೆ ಹಚ್ಚುವ ವಸ್ತು ಅದು. ನೆನೆಸಿಕೊಂಡರೆ ಈಗಲೂ ಭಯವಾಗುತ್ತದೆ.

96 ಜನ ಉಳಿದಿದ್ದಾಗ ಮಂತ್ಲಿ ಬಾಕ್ಸ್ ನಿಲ್ಲಿಸಿದೆ, ಮುಂಗಡ ಕಟ್ಟಿದವರಿಗೆ ದುಡ್ಡು ವಾಪಸ್ ಹಾಕಿದೆ. ಈಗ ಮೂರು ತಿಂಗಳಿಗೊಂದು ಬಾಕ್ಸ್. ಮೊದಲು ಬುಕಿಂಗ್, ಆಮೇಲೆ ಆರ್ಡರ್. 100 ಪೀಸ್ ಕೊಡುವ ಇನ್ನೊಬ್ಬ ಸಪ್ಲೈಯರ್ ಸಿಕ್ಕಿದ್ದಾರೆ. ಪೀಸಿಗೆ 71 ಬೀಳುತ್ತದೆ. 55ಕ್ಕಿಂತ ಜಾಸ್ತಿಯೇ, ಆದರೆ ಮೇಲಿನ ರೂಮಿಗೆ ಹೊಸ ಪೆಟ್ಟಿಗೆ ಹೋಗಿಲ್ಲ.